ಅಡುಗೆಮನೆಯ ಇರುವೆಗಳನ್ನು ಛಾಯಾಚಿತ್ರದಲ್ಲಿ ಗುರುತಿಸುವ ಕ್ರಮ: ಹುಬ್ಬಳ್ಳಿ-ಧಾರವಾಡ ನಾಗರಿಕರಿಗೆ ಮಾಹಿತಿ

ಮನೆಯಲ್ಲಿ ಇರುವೆಗಳ ಕಾಟವಿದೆಯೆಂದು ಮನವಿ ಸಲ್ಲಿಸುವ ನಾಗರಿಕರು ಅದರೊಂದಿಗೆ ಛಾಯಾಚಿತ್ರಗಳನ್ನು ಲಗತ್ತಿಸುವುದು ಈಚೆಗೆ ಸಾಮಾನ್ಯವಾಗಿದೆ. ಆದರೆ ಇಂತಹ ಬಹುತೇಕ ಚಿತ್ರಗಳಲ್ಲಿ ಬಿಳಿ ಗೋಡೆಯ ಮೇಲೆ ಕೆಲವು ಚುಕ್ಕೆಗಳು, ಅಥವಾ ಬೆಲ್ಲದ ಡಬ್ಬಿಯ ಸುತ್ತ ಒಂದು ಮಸುಕಾದ ಕೆಂಪು ಗೆರೆ ಮಾತ್ರ ಕಾಣುತ್ತದೆ. ಅಷ್ಟರಿಂದ ಇರುವೆ ಯಾವುದೆಂದು ಹೇಳಲು ಬರುವುದಿಲ್ಲ. ಯಾವುದೆಂದು ತಿಳಿಯದೆ ಔಷಧ ಸಿಂಪಡಿಸಿದರೆ ಕೆಲವು ಜಾತಿಗಳ ಕಾಟ ಕಡಿಮೆಯಾಗುವ ಬದಲು ಇಮ್ಮಡಿಯಾಗುತ್ತದೆ. ಆದುದರಿಂದ ಅವಳಿ ನಗರದ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಚಗಳಿ, ಗೊದ್ದ ಮತ್ತು ಸಣ್ಣ ಕೆಂಪಿರುವೆಗಳನ್ನು ಚಿತ್ರದ ಮೂಲಕ ಬೇರ್ಪಡಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಹೆಸರು ಮತ್ತು ಬಣ್ಣವನ್ನು ಏಕೆ ನೆಚ್ಚಬಾರದು

ಆಡುಮಾತಿನ ಹೆಸರುಗಳು ಊರಿಂದ ಊರಿಗೆ ಬದಲಾಗುತ್ತವೆ. ಕೆಂಜಿಗ ಎಂದರೆ ಒಂದು ಮನೆಯವರಿಗೆ ಮಾವಿನ ಮರದ ದೊಡ್ಡ ಕೆಂಪಿರುವೆ, ಇನ್ನೊಂದು ಮನೆಯವರಿಗೆ ನೆಲದ ಬಿರುಕಿನಿಂದ ಬಂದು ಕಚ್ಚುವ ಸಣ್ಣ ಇರುವೆ. ಇವೆರಡೂ ಒಂದೇ ಉಪಕುಟುಂಬಕ್ಕೆ ಸಹ ಸೇರಿದವುಗಳಲ್ಲ. ಮನವಿಯಲ್ಲಿ "ಕೆಂಪಿರುವೆ" ಎಂದಷ್ಟೇ ಬರೆದರೆ ಓದುವವರು ಯಾವುದನ್ನೂ ಊಹಿಸಿಕೊಳ್ಳಬಹುದು.

ಬಣ್ಣದ ವಿಷಯವೂ ಹೀಗೆಯೇ. ಹಳದಿ ಬೆಳಕಿನ ದೀಪದ ಕೆಳಗೆ ಕಂದು ಇರುವೆಯು ಕೆಂಪಾಗಿ ಕಾಣುತ್ತದೆ. ಕಿಟಕಿಗೆ ಎದುರಾಗಿ ತೆಗೆದ ಚಿತ್ರದಲ್ಲಿ ಕೆಂಪಿರುವೆಯು ಕಪ್ಪಾಗುತ್ತದೆ. ಕೋಶದಿಂದ ಆಗತಾನೇ ಹೊರಬಂದ ಎಳೆಯ ಇರುವೆಯು ಯಾವ ಜಾತಿಯದಾದರೂ ಕೆಲಕಾಲ ಮಾಸಲು ಬಣ್ಣದಲ್ಲಿರುತ್ತದೆ. ಬಣ್ಣವು ಸಹಾಯಕ ಸಾಕ್ಷಿ ಮಾತ್ರ; ಮುಖ್ಯ ಸಾಕ್ಷಿ ಇರುವೆಯ ಸೊಂಟದಲ್ಲಿದೆ.

ಮೊದಲು ಸೊಂಟವನ್ನು ನೋಡತಕ್ಕದ್ದು

ಇರುವೆಯ ಎದೆಗೂ ಹೊಟ್ಟೆಗೂ ನಡುವೆ ಅತಿ ಸಣ್ಣನೆಯ ಸೊಂಟವಿದ್ದು, ಅದರ ಮೇಲೆ ಗಂಟಿನಂತಹ ಉಬ್ಬು ಇರುತ್ತದೆ. ಬದಿಯಿಂದ ತೆಗೆದ ಚಿತ್ರದಲ್ಲಿ ಈ ಗಂಟುಗಳನ್ನು ಎಣಿಸಬಹುದು. ಚಗಳಿ ಮತ್ತು ಗೊದ್ದಗಳಿಗೆ ಒಂದೇ ಗಂಟು. ಅಡುಗೆಮನೆಯ ಸಣ್ಣ ಕೆಂಪಿರುವೆಗಳ ಪೈಕಿ ಹೆಚ್ಚಿನವಕ್ಕೆ ಒಂದರ ಹಿಂದೆ ಒಂದರಂತೆ ಎರಡು ಗಂಟುಗಳು. ಈ ಒಂದು ಎಣಿಕೆಯಿಂದಲೇ ಅರ್ಧ ಗೊಂದಲ ಪರಿಹಾರವಾಗುತ್ತದೆ. ಮೇಲಿನಿಂದ ಮಾತ್ರ ತೆಗೆದ ಚಿತ್ರದಲ್ಲಿ ಗಂಟುಗಳು ಒಂದರೊಳಗೊಂದು ಬೆರೆತು ಕಾಣುವುದರಿಂದ, ಬದಿಯ ನೋಟವಿಲ್ಲದ ಚಿತ್ರದಿಂದ ಅಂತಿಮ ನಿರ್ಣಯಕ್ಕೆ ಬರುವುದು ಸಾಧ್ಯವಿಲ್ಲ.

ಚಗಳಿ

ಮಲೆನಾಡಿನಲ್ಲಿ ಚಗಳಿ ಅಥವಾ ಚಿಗಳಿ ಎಂದು ಕರೆಯುವ ಈ ಇರುವೆಯ ಶಾಸ್ತ್ರೀಯ ಹೆಸರು ಈಕೋಫಿಲ್ಲಾ ಸ್ಮರಾಗ್ಡಿನಾ. ಮರಿಗಳು ಸ್ರವಿಸುವ ರೇಷ್ಮೆಯ ಎಳೆಗಳಿಂದ ಹಸಿರೆಲೆಗಳನ್ನು ಹೊಲಿದು ಮರದ ಮೇಲೆಯೇ ಗೂಡು ಕಟ್ಟುವುದರಿಂದ ಇದನ್ನು ನೇಕಾರ ಇರುವೆ ಎಂದೂ ಹೇಳುತ್ತಾರೆ. ಮಲೆನಾಡಿನ ಅಂಚಿನಲ್ಲಿರುವ ಧಾರವಾಡದ ಕಡೆ, ಮಾವು ಹಲಸಿನ ಮರಗಳಿರುವ ಹಿತ್ತಲುಗಳಲ್ಲಿ ಇದನ್ನು ನಿರೀಕ್ಷಿಸಬಹುದು.

ಚಿತ್ರದಲ್ಲಿ ಇದು ಕಿತ್ತಳೆಗೆಂಪು ಬಣ್ಣದ, ತೆಳ್ಳನೆಯ, ಬಹು ಉದ್ದ ಕಾಲುಗಳ ಇರುವೆಯಾಗಿ ಕಾಣುತ್ತದೆ. ಹೊರಗೆ ಓಡಾಡುವ ದೊಡ್ಡ ಕೆಲಸಗಾರ ಇರುವೆಗಳ ಉದ್ದ ಸುಮಾರು 8ರಿಂದ 10 ಮಿ.ಮೀ. ಬದಿಯಿಂದ ನೋಡಿದರೆ ಎದೆಯ ಬೆನ್ನು ನಡುವೆ ಜೀನಿನಂತೆ ತಗ್ಗಿರುತ್ತದೆ. ಸೊಂಟದ ಒಂದೇ ಗಂಟು ನೀಳವಾಗಿ, ತಗ್ಗಾಗಿ ಇರುತ್ತದೆ. ಬೆದರಿದಾಗ ಹೊಟ್ಟೆಯನ್ನು ಮೇಲೆತ್ತಿ ದವಡೆಗಳನ್ನು ಅಗಲಿಸಿ ನಿಲ್ಲುವ ಭಂಗಿಯೂ ಇದರ ಒಳ್ಳೆಯ ಗುರುತು. ಇದಕ್ಕೆ ಚುಚ್ಚುವ ಮುಳ್ಳಿಲ್ಲ. ಕಚ್ಚಿ, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲವನ್ನು ಸಿಂಪಡಿಸುವುದರಿಂದ ಉರಿಯಾಗುತ್ತದೆ.

ಚಗಳಿಯೆಂದು ಭ್ರಮೆ ಹುಟ್ಟಿಸುವ ಜೀವಿಗಳು ಎರಡು. ಮೊದಲನೆಯದು ಹಳದಿ ಹುಚ್ಚಿರುವೆ, ಅಂದರೆ ಅನಾಪ್ಲೋಲೆಪಿಸ್ ಗ್ರಾಸಿಲಿಪೆಸ್. ಅದಕ್ಕೂ ಉದ್ದ ಕಾಲುಗಳೂ ಒಂದೇ ಗಂಟೂ ಇವೆ. ಆದರೆ ಅದರ ಉದ್ದ 4ರಿಂದ 5 ಮಿ.ಮೀ. ಮಾತ್ರ, ಮತ್ತು ಅದು ಮರದಲ್ಲಿ ಎಲೆ ಹೊಲಿಯದೆ ನೆಲದ ಸಂದುಗಳಲ್ಲಿ ವಾಸಿಸುತ್ತದೆ. ಅಳತೆಗೋಲಿಲ್ಲದ ಚಿತ್ರದಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಎರಡನೆಯದು ಇರುವೆಯೇ ಅಲ್ಲ, ಜೇಡ. ಚಗಳಿಯ ಬಣ್ಣವನ್ನೂ ಆಕಾರವನ್ನೂ ಅನುಕರಿಸುವ ಈ ಜಿಗಿಯುವ ಜೇಡಕ್ಕೆ ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್ ಎಂದು ಹೆಸರು. ಮುಂಗಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುವುದರಿಂದ ನುರಿತವರೂ ಒಂದು ಕ್ಷಣ ಮೋಸಹೋಗುತ್ತಾರೆ. ಚಿತ್ರವನ್ನು ದೊಡ್ಡದು ಮಾಡಿ ಕಾಲುಗಳನ್ನು ಎಣಿಸಿದರೆ ಸಾಕು: ಇರುವೆಗೆ ಆರು ಕಾಲು ಮತ್ತು ಮೊಣಕೈಯಂತೆ ಮಡಿಚಿದ ಎರಡು ಮೀಸೆ, ಜೇಡಕ್ಕೆ ಎಂಟು ಕಾಲು, ಮೀಸೆಯಿಲ್ಲ.

ಚಗಳಿಯು ಅಡುಗೆಮನೆಯಲ್ಲಿ ಕಂಡರೆ ಅದರ ಗೂಡು ಒಳಗಿಲ್ಲ, ಹೊರಗಿನ ಮರದಲ್ಲಿದೆ ಎಂದು ತಿಳಿಯತಕ್ಕದ್ದು. ಕಿಟಕಿಗೆ ತಾಗುವ ಕೊಂಬೆ, ಬಟ್ಟೆ ಒಣಗಿಸುವ ತಂತಿ ಅಥವಾ ಕೇಬಲ್ ಅದರ ಸೇತುವೆ. ಆ ಸೇತುವೆಯನ್ನು ಕತ್ತರಿಸಿದರೆ ಒಳಗೆ ಬರುವುದು ನಿಲ್ಲುತ್ತದೆ. ಒಳಗೆ ವಿಷ ಸಿಂಪಡಿಸುವ ಅಗತ್ಯವಿಲ್ಲ. ಮರದಲ್ಲಿರುವ ಚಗಳಿಯು ಹಲವು ಕೀಟಗಳನ್ನು ಬೇಟೆಯಾಡುತ್ತದೆ, ಜೊತೆಗೆ ಸಿಹಿ ಸ್ರವಿಸುವ ಹಿಟ್ಟುತಿಗಣೆಗಳನ್ನು ಕಾಪಾಡುತ್ತದೆ ಕೂಡ. ಮರದಲ್ಲಿ ಅದನ್ನು ಉಳಿಸಿಕೊಳ್ಳುವುದು ಬಿಡುವುದು ಮರದ ಮಾಲೀಕರ ವಿವೇಚನೆಗೆ ಬಿಟ್ಟದ್ದು.

ಗೊದ್ದ

ದೊಡ್ಡ ಕಪ್ಪು ಇರುವೆಯನ್ನು ಗೊದ್ದ, ಕಟ್ಟಿರುವೆ ಎಂದು ಕರೆಯುವುದು ರೂಢಿ. ನಮ್ಮಲ್ಲಿ ಸಾಮಾನ್ಯವಾದುದು ಕ್ಯಾಂಪೊನೋಟಸ್ ಕಂಪ್ರೆಸಸ್. ಈ ಕುಲದ ಇರುವೆಗಳಿಗೆ ಬಡಗಿ ಇರುವೆ ಎಂಬ ಹೆಸರು ಪುಸ್ತಕಗಳಲ್ಲಿಯೂ ಅಂತರಜಾಲದಲ್ಲಿಯೂ ಇರುವುದರಿಂದ, ಇದು ಬಾಗಿಲು ಚೌಕಟ್ಟನ್ನು ಕೊರೆಯುತ್ತಿದೆ ಎಂಬ ಆತಂಕದಿಂದ ಅನೇಕರು ಮರಕ್ಕೆ ಔಷಧ ಹೊಡೆಸುತ್ತಾರೆ. ಮರ ಕೊರೆದು ಗೂಡು ಮಾಡುವ ಕೀರ್ತಿ ಉತ್ತರ ಅಮೆರಿಕ ಹಾಗೂ ಯೂರೋಪಿನ ಕೆಲವು ಜಾತಿಗಳದು. ಅವೂ ಮರವನ್ನು ತಿನ್ನುವುದಿಲ್ಲ. ನಮ್ಮ ಗೊದ್ದವು ಮುಖ್ಯವಾಗಿ ಮಣ್ಣಿನಲ್ಲಿ, ಮರದ ಬುಡದಲ್ಲಿ, ಗೋಡೆಯ ಪಾಯದ ಸಂದಿನಲ್ಲಿ ಗೂಡು ಮಾಡುತ್ತದೆ. ಚೌಕಟ್ಟಿನ ಮೇಲೆ ಮಣ್ಣಿನ ಲೇಪ ಕಂಡರೆ ಅದು ಗೆದ್ದಲಿನ ಕೆಲಸ. ದುಂಡನೆಯ ಸೂಜಿರಂಧ್ರಗಳಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಅದು ಮರ ಕೊರೆಯುವ ದುಂಬಿಯ ಕೆಲಸ. ಪಕ್ಕದಲ್ಲಿ ಗೊದ್ದ ಓಡಾಡಿದ ಮಾತ್ರಕ್ಕೆ ಅದನ್ನು ಅಪರಾಧಿ ಎನ್ನಲಾಗದು.

ಗೊದ್ದದ ಖಚಿತ ಗುರುತು ಬದಿಯ ನೋಟದಲ್ಲಿದೆ. ಅದರ ಎದೆಯ ಬೆನ್ನು ಕತ್ತಿನಿಂದ ಸೊಂಟದವರೆಗೆ ಒಂದೇ ನಯವಾದ ಕಮಾನಿನಂತೆ ಸಾಗುತ್ತದೆ, ನಡುವೆ ತಗ್ಗು ಇರುವುದಿಲ್ಲ. ಸೊಂಟದಲ್ಲಿ ನೆಟ್ಟಗೆ ನಿಂತ ಒಂದೇ ಗಂಟು. ಒಂದೇ ಗೂಡಿನ ಇರುವೆಗಳು ಗಾತ್ರದಲ್ಲಿ ಬಹಳ ಭಿನ್ನವಾಗಿರುತ್ತವೆ: ಚಿಕ್ಕವು ತೆಳ್ಳಗೆ, ಸಣ್ಣ ತಲೆಯವು, ದೊಡ್ಡವು ಅವುಗಳ ಎರಡು ಪಟ್ಟು ಉದ್ದ, ಹೃದಯದಾಕಾರದ ಭಾರಿ ತಲೆಯವು. ಎರಡನ್ನೂ ಒಟ್ಟಿಗೆ ಕಂಡು "ಮನೆಯಲ್ಲಿ ಎರಡು ಜಾತಿಯ ಇರುವೆಗಳಿವೆ" ಎಂದು ಬರೆಯುವುದು ಸಾಮಾನ್ಯ ತಪ್ಪು. ಅಡುಗೆ ಕಟ್ಟೆಯ ಮೇಲೆ ದಿಕ್ಕೆಟ್ಟಂತೆ ಅತ್ತಿತ್ತ ಓಡುವ, 3 ಮಿ.ಮೀ.ಗೂ ಮೀರದ ಕಪ್ಪಿರುವೆ ಗೊದ್ದದ ಮರಿಯಲ್ಲ. ಇರುವೆಗಳು ಹೊರಬಂದ ಮೇಲೆ ಬೆಳೆಯುವುದಿಲ್ಲ. ಅದು ಉದ್ದ ಮೀಸೆಯ ಬೇರೊಂದು ಜಾತಿ, ಪ್ಯಾರಾಟ್ರೆಕಿನಾ ಲಾಂಗಿಕಾರ್ನಿಸ್.

ಸಣ್ಣ ಕೆಂಪಿರುವೆ

ಹೆಚ್ಚಿನ ಗೊಂದಲವೂ ಹೆಚ್ಚಿನ ಹಾನಿಯೂ ಇಲ್ಲಿದೆ. ಸಣ್ಣ ಕೆಂಪಿರುವೆ ಎಂಬುದು ಒಂದು ಜಾತಿಯಲ್ಲ. ಅಡುಗೆಮನೆಯ ಮಟ್ಟಿಗೆ ಮುಖ್ಯವಾಗಿ ಎರಡನ್ನು ಬೇರ್ಪಡಿಸಬೇಕು: ಬೆಂಕಿ ಇರುವೆ (ಸೊಲೆನಾಪ್ಸಿಸ್ ಜೆಮಿನೇಟಾ) ಮತ್ತು ಫೇರೋ ಇರುವೆ (ಮೊನೊಮೋರಿಯಂ ಫರೋನಿಸ್). ಎರಡಕ್ಕೂ ಸೊಂಟದಲ್ಲಿ ಎರಡು ಗಂಟುಗಳಿವೆ, ಎರಡೂ ಕೆಂಪು-ಹಳದಿ ಛಾಯೆಯವು. ಆದರೆ ಪರಿಹಾರ ಕ್ರಮ ಪರಸ್ಪರ ವಿರುದ್ಧ.

ಬೆಂಕಿ ಇರುವೆಯ ಗೂಡು ಮಣ್ಣಿನಲ್ಲಿರುತ್ತದೆ. ಫರಸಿ ಕಲ್ಲುಗಳ ಸಂದಿನಲ್ಲಿ, ಹಿತ್ತಲ ಬಾಗಿಲ ಮೆಟ್ಟಿಲ ಬಳಿ ಸಣ್ಣ ಮಣ್ಣಿನ ಹರಳುಗಳ ಗುಪ್ಪೆ ಕಂಡರೆ ಇದನ್ನು ಶಂಕಿಸಬಹುದು. ಶೇಂಗಾ, ಕಾಳು, ಎಣ್ಣೆ ಪದಾರ್ಥಗಳೆಂದರೆ ಇದಕ್ಕೆ ಇಷ್ಟ. ಇದರ ಗುರುತು ಗಾತ್ರದ ವೈವಿಧ್ಯ: ಒಂದೇ ಸಾಲಿನಲ್ಲಿ ಸುಮಾರು 3ರಿಂದ 6 ಮಿ.ಮೀ.ವರೆಗಿನ ಇರುವೆಗಳಿದ್ದು, ದೊಡ್ಡವುಗಳ ತಲೆ ಚೌಕಾಕಾರವಾಗಿ, ನಡುವೆ ಸೀಳಿನೊಂದಿಗೆ, ದೇಹಕ್ಕೆ ಹೊಂದದಷ್ಟು ದೊಡ್ಡದಾಗಿರುತ್ತದೆ. ಮೀಸೆಯ ತುದಿಯಲ್ಲಿ ಎರಡು ಉಬ್ಬಿದ ಗೆಣ್ಣುಗಳಿವೆ. ಇದು ಹೊಟ್ಟೆಯ ತುದಿಯ ಮುಳ್ಳಿನಿಂದ ಚುಚ್ಚುತ್ತದೆ, ಬೆಂಕಿ ತಾಗಿದಂತೆ ಉರಿಯುತ್ತದೆ.

ಫೇರೋ ಇರುವೆಗಳು ಎಲ್ಲವೂ ಒಂದೇ ಗಾತ್ರದವು, ಸುಮಾರು 2 ಮಿ.ಮೀ. ದೇಹ ಹಳದಿಮಿಶ್ರಿತ ಕಂದು, ಹೊಟ್ಟೆಯ ಹಿಂಭಾಗ ಮಾತ್ರ ಕಪ್ಪಾಗಿರುತ್ತದೆ. ಮೀಸೆಯ ತುದಿಯಲ್ಲಿ ಮೂರು ಉಬ್ಬಿದ ಗೆಣ್ಣುಗಳು. ಚುಚ್ಚಿದ್ದು ನಮಗೆ ತಿಳಿಯುವುದಿಲ್ಲ. ಗೂಡು ಕಟ್ಟಡದ ಒಳಗೇ, ಸ್ವಿಚ್ ಪೆಟ್ಟಿಗೆಯ ಹಿಂದೆ, ಕಡಪಾ ಕಲ್ಲಿನ ಕೆಳಗೆ, ಬಾಗಿಲ ಪಟ್ಟಿಯ ಸಂದಿನಲ್ಲಿ ಇರುತ್ತದೆ. ಒಂದು ಗೂಡಿನಲ್ಲಿ ಹಲವಾರು ರಾಣಿಗಳಿರುತ್ತವೆ. ವಿಷದ ತುಂತುರು ಬಿದ್ದೊಡನೆ ಉಳಿದ ಇರುವೆಗಳು ಕೆಲವು ರಾಣಿಗಳನ್ನೂ ಮರಿಗಳನ್ನೂ ಎತ್ತಿಕೊಂಡು ಬೇರೆ ಬೇರೆ ಸಂದುಗಳಿಗೆ ಹೋಗಿ ಹೊಸ ಗೂಡುಗಳನ್ನು ಹೂಡುತ್ತವೆ. ಒಂದು ಗೂಡಿದ್ದ ಮನೆಯಲ್ಲಿ ನಾಲ್ಕಾರು ಗೂಡುಗಳಾಗುವುದು ಹೀಗೆ. ಆಸ್ಪತ್ರೆಗಳಲ್ಲಿ ಗಾಯದ ಪಟ್ಟಿಗಳಿಗೂ ಇದು ನುಗ್ಗುವುದರಿಂದ ಹಾಸಿಗೆ ಹಿಡಿದ ರೋಗಿಗಳಿರುವ ಮನೆಯವರು ಇದರ ಬಗ್ಗೆ ವಿಶೇಷ ಗಮನ ಕೊಡತಕ್ಕದ್ದು.

ಎದೆಯ ಹಿಂತುದಿಯಲ್ಲಿ ಎರಡು ಸಣ್ಣ ಮುಳ್ಳುಗಳು ಕಂಡರೆ ಆ ಇರುವೆಯು ಇವೆರಡೂ ಅಲ್ಲ. ತಲೆ ಕಪ್ಪು, ಹೊಟ್ಟೆ ಮತ್ತು ಕಾಲುಗಳು ಬಣ್ಣವೇ ಇಲ್ಲದಂತೆ ಬಿಳಿಚಿಕೊಂಡಿದ್ದರೆ ಅದು ಟ್ಯಾಪಿನೋಮಾ ಮೆಲನೊಸೆಫಾಲಂ ಎಂಬ ಭೂತ ಇರುವೆ.

ಛಾಯಾಚಿತ್ರ ತೆಗೆಯುವ ಬಗೆ

ಓಡುವ ಇರುವೆಯ ಚಿತ್ರ ತೆಗೆಯಲು ಹೆಣಗಬೇಕಾಗಿಲ್ಲ. ಒದ್ದೆ ಕುಂಚದ ತುದಿಯಿಂದ ಏಳೆಂಟು ಇರುವೆಗಳನ್ನು ಮುಚ್ಚಳವಿರುವ ಸಣ್ಣ ಡಬ್ಬಿಗೆ ಹಾಕಿ ರೆಫ್ರಿಜರೇಟರಿನಲ್ಲಿ ಐದರಿಂದ ಹತ್ತು ನಿಮಿಷ ಇಟ್ಟರೆ ಅವು ಮಂದವಾಗುತ್ತವೆ. ಬಳಿಕ ಬಿಳಿ ಕಾಗದದ ಮೇಲೆ ಸುರಿದರೆ ಚೇತರಿಸಿಕೊಳ್ಳುವ ಮುನ್ನ ಒಂದೆರಡು ನಿಮಿಷ ಸಿಗುತ್ತದೆ. ಕಾಗದದ ಮೇಲೆ ಇರುವೆಗಳ ಪಕ್ಕದಲ್ಲಿಯೇ ಮಿ.ಮೀ. ಗುರುತುಗಳಿರುವ ಶಾಲಾ ಅಳತೆಪಟ್ಟಿಯನ್ನು ಅಥವಾ ಹತ್ತು ರೂಪಾಯಿ ನಾಣ್ಯವನ್ನು ಇಡತಕ್ಕದ್ದು. ಈ ನಾಣ್ಯದ ವ್ಯಾಸ 27 ಮಿ.ಮೀ.

ಬೆಳಿಗ್ಗೆಯ ಕಿಟಕಿ ಬೆಳಕು ಉತ್ತಮ. ಫ್ಲ್ಯಾಶ್ ಬಳಸಿದರೆ ಇರುವೆಯ ಹೊಳಪಿನ ಮೈ ಬಿಳಿಯ ಮಚ್ಚೆಯಾಗಿ ಗಂಟುಗಳು ಅಳಿಸಿಹೋಗುತ್ತವೆ. ಮೊಬೈಲ್ ಫೋನನ್ನು ತೀರ ಹತ್ತಿರ ಹಿಡಿದರೆ ಚಿತ್ರ ಮಸುಕಾಗುತ್ತದೆ; ಸುಮಾರು 10 ಸೆಂ.ಮೀ. ದೂರದಲ್ಲಿ ಹಿಡಿದು, ಪರದೆಯ ಮೇಲೆ ಇರುವೆಯನ್ನು ಮುಟ್ಟಿ ನಾಭಿ ಹೊಂದಿಸಿ ತೆಗೆದು, ಬಳಿಕ ಕತ್ತರಿಸಿಕೊಳ್ಳುವುದು ಮೇಲು. ಮೊದಲ ಚಿತ್ರ ನೇರವಾಗಿ ಮೇಲಿನಿಂದ, ಅಳತೆಯೊಂದಿಗೆ, ಹಲವು ಇರುವೆಗಳು ಒಟ್ಟಿಗೆ ಕಾಣುವಂತಿರಲಿ. ಎರಡನೆಯದಕ್ಕೆ ಒಂದು ಇರುವೆಯನ್ನು ಒಕ್ಕಡೆಗೆ ಮಲಗಿಸಿ ಸೊಂಟವನ್ನು ಬದಿಯಿಂದ ತೆಗೆಯಿರಿ. ಮೂರನೆಯದರಲ್ಲಿ ತಲೆ ಮತ್ತು ಮೀಸೆ ಸ್ಪಷ್ಟವಾಗಿರಲಿ, 2 ಮಿ.ಮೀ. ಇರುವೆಯ ಮೀಸೆಯ ಗೆಣ್ಣುಗಳು ಬರಿಯ ಫೋನಿನಲ್ಲಿ ಕಾಣುವುದು ಅಪರೂಪ, ಫೋನಿಗೆ ಸಿಕ್ಕಿಸುವ ಸಣ್ಣ ಮಸೂರ ಬೇಕಾಗುತ್ತದೆ. ಚಿತ್ರವನ್ನು ಸಂದೇಶ ಸೇವೆಗಳ ಮೂಲಕ ಕಳುಹಿಸಿದಾಗ ಅದು ಕುಗ್ಗುತ್ತದೆ. ಆದ್ದರಿಂದ ಮೂಲ ಕಡತವನ್ನೇ ಲಗತ್ತಿಸತಕ್ಕದ್ದು.

ಒಂದು ಉದಾಹರಣೆ

ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಯಲ್ಲಿ ಫೇಡಾ ಡಬ್ಬಿಗೆ ಸಣ್ಣ ಕೆಂಪಿರುವೆಗಳು ಮುತ್ತಿವೆ ಎಂದು ಭಾವಿಸೋಣ. ಮನೆಯವರು ಅವನ್ನು ಕಚ್ಚುವ ಕೆಂಪಿರುವೆ ಎಂದೇ ತಿಳಿದು ಎರಡು ಬಾರಿ ತುಂತುರು ವಿಷ ಹೊಡೆದಿದ್ದಾರೆ. ಹದಿನೈದು ದಿನಗಳಲ್ಲಿ ಸಾಲುಗಳು ಸ್ನಾನದ ಮನೆಯಲ್ಲಿಯೂ ಮಲಗುವ ಕೋಣೆಯಲ್ಲಿಯೂ ಕಾಣಿಸಿಕೊಂಡಿವೆ. ಮೊದಲು ಕಳುಹಿಸಿದ ಚಿತ್ರದಲ್ಲಿ ಡಬ್ಬಿಯ ಅಂಚು ಮತ್ತು ಕೆಂಪು ಚುಕ್ಕೆಗಳಷ್ಟೇ ಇದ್ದುದರಿಂದ ಏನನ್ನೂ ಹೇಳಲಾಗದು. ಎರಡನೆಯ ಚಿತ್ರವನ್ನು ಮೇಲೆ ಹೇಳಿದಂತೆ ನಾಣ್ಯದೊಂದಿಗೆ ತೆಗೆಯಲಾಗಿದೆ.

ಗಣಕಯಂತ್ರದ ಪರದೆಯಲ್ಲಿ ಅಳೆದಾಗ ನಾಣ್ಯದ ಅಗಲ 1080 ಪಿಕ್ಸೆಲ್ ಬಂದಿತು. 1080ನ್ನು 27ರಿಂದ ಭಾಗಿಸಿದರೆ ಒಂದು ಮಿ.ಮೀ.ಗೆ 40 ಪಿಕ್ಸೆಲ್. ಚಿತ್ರದಲ್ಲಿ ನೆಟ್ಟಗೆ ಚಾಚಿಕೊಂಡಿರುವ ಆರು ಇರುವೆಗಳನ್ನು ಅಳೆದಾಗ 78ರಿಂದ 86 ಪಿಕ್ಸೆಲ್ ಬಂದಿತು, ಅಂದರೆ ಎಲ್ಲವೂ ಸುಮಾರು 2 ಮಿ.ಮೀ. ಮುದುಡಿಕೊಂಡ ಇರುವೆಯ ಅಳತೆ ಕಡಿಮೆ ಬರುವುದರಿಂದ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬದಿಯ ಚಿತ್ರದಲ್ಲಿ ಎರಡು ಗಂಟುಗಳು ಸ್ಪಷ್ಟವಾಗಿವೆ, ಎದೆಯ ಹಿಂದೆ ಮುಳ್ಳುಗಳಿಲ್ಲ, ಹೊಟ್ಟೆಯ ಹಿಂಭಾಗ ಕಪ್ಪು. ದೊಡ್ಡ ತಲೆಯ ಇರುವೆ ಒಂದೂ ಇಲ್ಲ.

ಇಲ್ಲಿಗೆ ಫೇರೋ ಇರುವೆ ಎಂಬ ಅನುಮಾನ ಬಲವಾಗುತ್ತದೆ, ಆದರೆ ಒಂದು ಎಚ್ಚರಿಕೆ ಅಗತ್ಯ. ಬೆಂಕಿ ಇರುವೆಯ ಸಾಲಿನಿಂದ ಆಕಸ್ಮಿಕವಾಗಿ ಚಿಕ್ಕವನ್ನೇ ಹಿಡಿದಿರಬಹುದು. ಹೀಗಾಗಿ ಸಾಲನ್ನು ಎರಡು ಮೂರು ಕಡೆ ನೋಡಿ ಇಪ್ಪತ್ತು ಮೂವತ್ತು ಇರುವೆಗಳನ್ನು ಪರಿಶೀಲಿಸಬೇಕು. ಅವುಗಳಲ್ಲಿ ಒಂದಾದರೂ 190 ಪಿಕ್ಸೆಲ್ (ಸುಮಾರು 4.75 ಮಿ.ಮೀ.) ಉದ್ದದ ಚೌಕತಲೆಯದು ಸಿಕ್ಕಿದ್ದರೆ ನಿರ್ಣಯ ಬದಲಾಗುತ್ತಿತ್ತು. ಈ ಮನೆಯಲ್ಲಿ ಸಿಕ್ಕಲಿಲ್ಲ. ಯಾರಿಗೂ ಉರಿಯುವಂತೆ ಚುಚ್ಚಿಯೂ ಇಲ್ಲ. ವಿಷ ಹೊಡೆದ ಮೇಲೆ ಸಾಲುಗಳು ಹಂಚಿಹೋಗಿವೆ. ಮೂರೂ ಫೇರೋ ಇರುವೆಗೆ ಹೊಂದುತ್ತವೆ.

ಗುರುತಿನ ನಂತರ

ಮೇಲಿನ ಮನೆಯವರು ಮೊದಲು ಮಾಡಬೇಕಾದುದು ತುಂತುರು ವಿಷವನ್ನೂ ಇರುವೆ ಚಾಕನ್ನೂ ನಿಲ್ಲಿಸುವುದು. ಬಳಿಕ 100 ಮಿ.ಲೀ. ನೀರಿಗೆ 10 ಗ್ರಾಂ ಸಕ್ಕರೆ ಮತ್ತು 1 ಗ್ರಾಂ ಬೋರಿಕ್ ಆಮ್ಲದ ಪುಡಿಯನ್ನು ಕರಗಿಸಿ, ಹತ್ತಿಗೆ ಅದ್ದಿ, ಬಾಟಲಿ ಮುಚ್ಚಳದಲ್ಲಿ ಇರುವೆ ಸಾಲಿನ ಪಕ್ಕ ಇಡಬೇಕು. ಬೇಗ ಪರಿಣಾಮವಾಗಲೆಂದು ಪುಡಿಯನ್ನು ಹೆಚ್ಚಿಸಬಾರದು. ಇರುವೆಯು ಗೂಡು ತಲುಪಿ ರಾಣಿಗೂ ಮರಿಗಳಿಗೂ ಉಣಿಸುವವರೆಗೆ ಬದುಕಿರಬೇಕು. ಗಟ್ಟಿ ದ್ರಾವಣ ಕುಡಿದ ಇರುವೆ ದಾರಿಯಲ್ಲೇ ಸಾಯುತ್ತದೆ. ಎರಡು ದಿನದಲ್ಲಿ ಸಿಹಿಯನ್ನು ಮುಟ್ಟದಿದ್ದರೆ ಅದೇ ಪುಡಿಯನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಬೇಯಿಸಿದ ಮೊಟ್ಟೆಯ ಹಳದಿಯೊಂದಿಗೆ ಕಲಸಿ ಇಟ್ಟು ನೋಡಬಹುದು. ಹತ್ತಿ ಒಣಗಿದಾಗ ಬದಲಾಯಿಸುತ್ತ ಕೆಲವು ವಾರಗಳವರೆಗೆ ಮುಂದುವರಿಸಬೇಕಾಗುತ್ತದೆ. ಬೋರಿಕ್ ಪುಡಿಯು ನೋಡಲು ಉಪ್ಪು ಸಕ್ಕರೆಯಂತೆ ಇರುವುದರಿಂದ ಹೆಸರು ಬರೆದು ಮಕ್ಕಳ ಕೈಗೂ ಸಾಕುಪ್ರಾಣಿಗಳಿಗೂ ಸಿಗದಂತೆ, ಅಡುಗೆ ಸಾಮಾನಿನಿಂದ ದೂರ ಇಡತಕ್ಕದ್ದು.

ಬೆಂಕಿ ಇರುವೆಯಾಗಿದ್ದರೆ ಕೆಲಸ ಹೊರಗಿನದು. ಸಾಲನ್ನು ಹಿಂಬಾಲಿಸಿ ಮಣ್ಣಿನ ಗುಪ್ಪೆಯನ್ನು ಹುಡುಕಿ, ಗೂಡನ್ನು ನಿವಾರಿಸಿದ ಮೇಲೆ ಫರಸಿಯ ಸಂದನ್ನು ಸಿಮೆಂಟಿನಿಂದ ಮುಚ್ಚಬೇಕು. ಚುಚ್ಚಿಸಿಕೊಂಡವರಿಗೆ ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅಥವಾ ತಲೆ ಸುತ್ತಿದರೆ ಇರುವೆಯನ್ನು ಗುರುತಿಸುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಚಿತ್ರದಿಂದ ತೀರ್ಮಾನಿಸಲು ಆಗದಿದ್ದಲ್ಲಿ ಹತ್ತಾರು ಇರುವೆಗಳನ್ನು, ಸಿಕ್ಕಿದರೆ ಅತಿ ದೊಡ್ಡದು ಹಾಗೂ ಅತಿ ಚಿಕ್ಕದು ಸೇರಿದಂತೆ, ಶೇ. 70ರ ಆಲ್ಕೋಹಾಲ್ ಇರುವ ಸಣ್ಣ ಸೀಸೆಯಲ್ಲಿ ಹಾಕಿಡುವುದು ಸೂಕ್ತ. ಇಂತಹ ಮಾದರಿಯನ್ನು ಕೀಟಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿ ಮೀಸೆಯ ಗೆಣ್ಣುಗಳನ್ನು ಎಣಿಸಬಲ್ಲರು. ಸೀಸೆಯೊಳಗೆ ಪೆನ್ಸಿಲಿನಿಂದ ಬರೆದ ಚೀಟಿಯನ್ನು ಹಾಕಿ, ಅದರಲ್ಲಿ ಹಿಡಿದ ದಿನಾಂಕ, ಬಡಾವಣೆ, ಇರುವೆಗಳು ಯಾವ ಪದಾರ್ಥಕ್ಕೆ ಬಂದಿದ್ದವು, ಚುಚ್ಚಿದವೋ ಇಲ್ಲವೋ, ಈಗಾಗಲೇ ಯಾವ ಔಷಧ ಬಳಸಲಾಗಿದೆ ಎಂಬುದನ್ನು ನಮೂದಿಸಬೇಕು. ಪೆನ್ನಿನ ಶಾಯಿಯು ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.